ಮಗ ಗೇ ಎಂದು ಹೇಳಿದ್ದಾನೆ, ಇತ್ತ ಜಾತಕ ಕೂಡಿಬಂದಿದೆ: ನಾವೀಗ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಯಜಮಾನರದು ಬಟ್ಟೆ ಅಂಗಡಿ. 28 ವರ್ಷದ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, 24 ವರ್ಷದ ಮಗಳು ಬಿ.ಎಡ್. ಮುಗಿಸಿದ್ದಾಳೆ. ಗೌರಿ ಹಬ್ಬಕ್ಕೆ ಮಗ ಬಂದಿದ್ದಾಗ ನನ್ನ ನಾದಿನಿಯ ಕಡೆಯಿಂದ ಬಂದ ಸಂಬಂಧದ ಮಾತೆತ್ತಿದೆವು. ಆಗ ಅವನು, ತಾನು ಗೇ, ಯಾವ ಹುಡುಗಿಯನ್ನೂ ಮದುವೆಯಾಗಲಾರೆ ಎಂದುಬಿಟ್ಟ. ನನಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಅಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದಾರೆ. ಜಾತಕ ಕೂಡಿಬಂದಿದೆ, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಬೇರೆ ಯಾರದೋ ವಿಷಯ ಎಂಬಂತೆ ಪರಿಚಯದವರನ್ನು ಕೇಳಿದಾಗ, ಬೆಂಗಳೂರಿನಲ್ಲಿ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಗುಣ ಮಾಡುವವರಿದ್ದಾರೆ ಎಂದರು. ಪಿಯುಸಿಗೆ ಹಾಸ್ಟೆಲ್‌ಗೆ ಹಾಕಿದ್ದೇ ತಪ್ಪಾಯಿತೇ? ಊರಿನಲ್ಲಿ ಗೊತ್ತಾದರೆ ಮಗಳ ಮದುವೆ ಹೇಗೆ? ನಾವಿಲ್ಲದ ಮೇಲೆ ಅವನಿಗೆ ಯಾರು?
– ಹೆಸರು ಬೇಡ

ಉತ್ತರ: ನೀವು ಕೇಳಿರುವ ಎಲ್ಲ ಪ್ರಶ್ನೆಗಳಲ್ಲಿ ತಡಮಾಡಲಾಗದ್ದು ಆ ಸಂಬಂಧದ ಪ್ರಶ್ನೆ. ಉಳಿದವುಗಳಿಗೆ ತಿಂಗಳುಗಳ ಕಾಲಾವಕಾಶವಿದೆ; ಇದಕ್ಕಿಲ್ಲ. ಹುಡುಗಿಯ ಮನೆಯವರು ಜಾತಕ ಕೂಡಿತೆಂದು ಕಾಯುತ್ತಿದ್ದಾರೆ, ಬಹುಶಃ ಬೇರೆ ಕಡೆಯ ಮಾತುಕತೆಯನ್ನು ತಡೆದು ನಿಲ್ಲಿಸಿದ್ದಾರೆ. ಆದ್ದರಿಂದ ಈ ವಾರವೇ ನಿಮ್ಮ ನಾದಿನಿಗೆ ಫೋನ್ ಮಾಡಿ, "ಹುಡುಗನಿಗೆ ಮದುವೆಯ ಮನಸ್ಸಿಲ್ಲ, ಅವರನ್ನು ಕಾಯಿಸುವುದು ಸರಿಯಲ್ಲ, ಬೇರೆ ಕಡೆ ನೋಡಲಿ" ಎಂದು ತಿಳಿಸಿ. ಕಾರಣ ಹೇಳುವ ಅಗತ್ಯ ಈಗ ಇಲ್ಲ. ಮನೋವೈದ್ಯನಾಗಿ ನಾನು ಕಂಡಂತೆ, ನಿಮ್ಮ ಮಗನ ವಯಸ್ಸಿನವರು ತಂದೆ ತಾಯಿಯ ಮುಂದೆ ಬಾಯಿ ಬಿಡುವುದು ಹೆಚ್ಚಾಗಿ ಇಂಥ ಸಂದರ್ಭದಲ್ಲೇ. ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು, ಇನ್ನೂ ಸುಮ್ಮನಿದ್ದರೆ ಮತ್ತೊಬ್ಬಳ ಬದುಕು ಇದರೊಳಗೆ ಸಿಕ್ಕಿಕೊಳ್ಳುತ್ತದೆ ಎಂದು ಕಂಡಾಗ ಹೇಳುತ್ತಾರೆ. ಮನೆಯಲ್ಲಿ ಬೆಂಕಿ ಹತ್ತುತ್ತದೆಂದು ಗೊತ್ತಿದ್ದೂ ನಿಜ ಹೇಳಿದ ಮಗನ ನಡತೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಅದು ನಿಮ್ಮ ಮನೆಯಲ್ಲೇ ಬಂದದ್ದು.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ನಿಮ್ಮ ಯಜಮಾನರು ಹೇಳುವುದು ಕೆಟ್ಟ ಮನಸ್ಸಿನಿಂದಲ್ಲ. ಹಠಮಾರಿಯೋ ದುಡುಕಿನವನೋ ಆದ ಹುಡುಗ ಸಂಸಾರಕ್ಕೆ ಬಿದ್ದ ಮೇಲೆ ಜವಾಬ್ದಾರನಾದದ್ದನ್ನು ಎಲ್ಲರೂ ಕಂಡಿರುತ್ತಾರೆ, ಅದೇ ಅನುಭವವನ್ನು ಇಲ್ಲಿಗೂ ಹಚ್ಚುತ್ತಾರೆ. ಆದರೆ ಯಾರ ಕಡೆಗೆ ಆಕರ್ಷಣೆ ಹುಟ್ಟುತ್ತದೆ ಎಂಬುದು ಸ್ವಭಾವದ ತಿದ್ದುಪಡಿಗೆ ಸಿಗುವ ಸಂಗತಿಯಲ್ಲ. ಹೀಗೆ ಮದುವೆ ಮಾಡಿದ ಒಂದು ಕುಟುಂಬದಲ್ಲಿ ಏನಾಯಿತೆಂಬುದನ್ನು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಹುಡುಗನಿಗೆ 29 ವರ್ಷ, ಅಡಿಕೆ ವ್ಯಾಪಾರದ ಮನೆತನ. ತನಗೆ ಹೆಣ್ಣುಮಕ್ಕಳಲ್ಲಿ ಆಸಕ್ತಿಯಿಲ್ಲ ಎಂದು ಅವನು ತಾಯಿಗೆ ಹೇಳಿದ್ದ. ತಾಯಿ ಅದನ್ನು ಯಾರಿಗೂ ತಿಳಿಸದೆ, ಕಣ್ಣೀರು ಹಾಕಿ, ಊಟ ಬಿಟ್ಟು ಅವನನ್ನು ಒಪ್ಪಿಸಿದರು. ಮದುವೆ ವಿಜೃಂಭಣೆಯಿಂದಲೇ ನಡೆಯಿತು. ಮೊದಲ ಕೆಲವು ತಿಂಗಳು ಕೆಲಸದ ಒತ್ತಡ, ಬೆನ್ನುನೋವು ಎಂದು ಅವನು ದೂರವಿದ್ದ. ಆ ಹುಡುಗಿ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಡಯಟ್ ಮಾಡಿದಳು, ಹರಕೆ ಹೊತ್ತಳು. ವರ್ಷ ತುಂಬುತ್ತಿದ್ದಂತೆ "ಇನ್ನೂ ವಿಶೇಷ ಇಲ್ಲವೇ" ಎಂಬ ಪ್ರಶ್ನೆ ಶುರುವಾಯಿತು, ಅತ್ತೆಯೇ ಅವಳನ್ನು ಬಂಜೆತನದ ಪರೀಕ್ಷೆಗೆ ಕರೆದುಕೊಂಡು ಹೋದರು. ಗಂಡ ತನ್ನನ್ನು ಮುಟ್ಟಿಯೇ ಇಲ್ಲ ಎಂದು ಅವಳು ಹೇಳಿದ್ದು ಆ ಆಸ್ಪತ್ರೆಯ ಕೋಣೆಯಲ್ಲಿ, ಡಾಕ್ಟರರ ಎದುರು. ಅಲ್ಲಿಂದ ವಿಷಯ ತವರಿಗೆ ಹೋಯಿತು, ತವರಿನವರು ಹಿರಿಯರನ್ನು ಕೂರಿಸಿ ನ್ಯಾಯ ಕೇಳಿದರು, ಒಡವೆ ಮತ್ತು ಮದುವೆ ಖರ್ಚಿನ ಲೆಕ್ಕ ಎಲ್ಲರ ಮುಂದೆ ಬಂತು. ತಾಯಿ ಯಾವುದು ನಾಲ್ಕು ಜನಕ್ಕೆ ತಿಳಿಯಬಾರದು ಎಂದು ಆ ಮದುವೆ ಮಾಡಿದ್ದರೋ ಅದು ಎರಡೂ ಊರಿಗೆ ತಿಳಿಯಿತು. ಆ ಹುಡುಗ ನನ್ನ ಬಳಿಗೆ ಬಂದದ್ದು ನಿದ್ರೆಮಾತ್ರೆ ನುಂಗಿ ಬದುಕುಳಿದ ಮೇಲೆ. ಆ ಹೆಣ್ಣುಮಗಳು ಸುಧಾರಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕಾನೂನಿನ ಪಾಲೂ ಇದರಲ್ಲಿದೆ. ಸತ್ಯವನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯಲಾಗಿದೆ ಎನ್ನುವ ಹೆಂಡತಿ, 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅಡಿ ಮದುವೆಯನ್ನು ರದ್ದುಪಡಿಸುವಂತೆ, ವಂಚನೆ ಗೊತ್ತಾದ ಒಂದು ವರ್ಷದೊಳಗೆ ನ್ಯಾಯಾಲಯವನ್ನು ಕೇಳಬಹುದು. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನವನ್ನೂ ಕೋರಬಹುದು. ಮೊದಲೇ ಗೊತ್ತಿದ್ದ ತಂದೆ ತಾಯಿಯನ್ನೂ ದೂರಿನಲ್ಲಿ ಹೆಸರಿಸುವ ಸಾಧ್ಯತೆ ಇರುತ್ತದೆ. ನಿಮಗೆ ಈಗ ಗೊತ್ತಿದೆ. ನಿಮಗೂ ಮದುವೆಯ ವಯಸ್ಸಿನ ಮಗಳಿದ್ದಾಳೆ. ಅವಳನ್ನು ಹೀಗೆ ಯಾರಾದರೂ ಸೊಸೆಯಾಗಿ ತಂದುಕೊಂಡರೆ ನೀವು ಏನು ಹೇಳುತ್ತಿದ್ದಿರಿ ಎಂಬುದನ್ನು ಯಜಮಾನರ ಮುಂದೆ ಇಡಿ. ಬೇರೆ ಯಾವ ವಾದಕ್ಕೂ ಬಗ್ಗದ ಅನೇಕ ತಂದೆಯರು ಈ ಒಂದು ಪ್ರಶ್ನೆಯ ಮುಂದೆ ಯೋಚನೆಗೆ ಬಿದ್ದದ್ದನ್ನು ನೋಡಿದ್ದೇನೆ.

ಇನ್ನು ಇಂಜೆಕ್ಷನ್ನಿನ ಮಾತು. ಗೇ ಗಂಡಸರ ದೇಹದಲ್ಲಿ ಪುರುಷ ಹಾರ್ಮೋನಿನ ಕೊರತೆಯಿರುವುದಿಲ್ಲ. ರಕ್ತಪರೀಕ್ಷೆ ಮಾಡಿಸಿದರೆ ಉಳಿದ ಗಂಡಸರಲ್ಲಿ ಇರುವಷ್ಟೇ ಕಾಣುತ್ತದೆ. ಕಳೆದ ಶತಮಾನದಲ್ಲಿ ವೈದ್ಯರು ಇದನ್ನು ಮಾಡಿಯೇ ನೋಡಿದ್ದಾರೆ. ಟೆಸ್ಟೋಸ್ಟೆರಾನ್ ಕೊಟ್ಟಾಗ ಕೆಲವರಲ್ಲಿ ಕಾಮಾಸಕ್ತಿ ಹೆಚ್ಚಾಯಿತೇ ಹೊರತು ಅದರ ದಿಕ್ಕು ಬದಲಾಗಲಿಲ್ಲ. ವಿದ್ಯುತ್ ಆಘಾತ ಕೊಟ್ಟು, ವಾಂತಿ ಬರಿಸುವ ಔಷಧ ಕೊಟ್ಟು, ಗಂಡಸರ ಚಿತ್ರ ತೋರಿಸಿ ಅಸಹ್ಯ ಹುಟ್ಟಿಸಲು ನೋಡಿದ್ದೂ ಉಂಟು. ಅವುಗಳಿಂದ ಉಳಿದದ್ದು ಖಿನ್ನತೆ, ತನ್ನ ಮೇಲೆ ತನಗೇ ಹೇಸಿಗೆ, ಸಾಯುವ ಯೋಚನೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಅದು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿಕೆ ಕೊಟ್ಟಿದೆ. ಮದ್ರಾಸ್ ಹೈಕೋರ್ಟ್ 2021ರಲ್ಲಿ ಕೊಟ್ಟ ನಿರ್ದೇಶನಗಳ ಮುಂದುವರಿಕೆಯಾಗಿ, ಲೈಂಗಿಕ ಒಲವನ್ನು ಬದಲಿಸುತ್ತೇವೆ ಎಂದು ಚಿಕಿತ್ಸೆ ನಡೆಸುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಎಂದರೆ ನಿಮ್ಮ ಪರಿಚಯದವರು ಹೇಳುವ ವೈದ್ಯರು ನಿಜಕ್ಕೂ ವೈದ್ಯರೇ ಆಗಿದ್ದರೆ, ತಮ್ಮ ನೋಂದಣಿಯನ್ನೇ ಪಣಕ್ಕಿಟ್ಟು ಈ ಕೆಲಸ ಮಾಡುತ್ತಿದ್ದಾರೆ ಎಂದಾಯಿತು.

ಮಗನ ಮನಸ್ಸು ಕುಗ್ಗಿದ್ದರೆ ವೈದ್ಯರ ನೆರವು ಬೇಡವೆಂದು ಇದರ ಅರ್ಥವಲ್ಲ. ಸರಿಯಾದ ವೈದ್ಯರನ್ನು ಗುರುತಿಸುವುದು ಕಷ್ಟವಲ್ಲ. ಅವರು ಮಗನನ್ನು ಒಬ್ಬನನ್ನೇ ಕೂರಿಸಿ ಮಾತನಾಡಿಸುತ್ತಾರೆ, ಅವನಿಗೆ ಏನು ತೊಂದರೆಯಾಗುತ್ತಿದೆ ಎಂದು ಅವನನ್ನೇ ಕೇಳುತ್ತಾರೆ, ಅವನು ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ನಿಮಗೆ ಹೇಳುವುದಿಲ್ಲ, ನಿದ್ರೆ ಇಲ್ಲದಿರುವುದಕ್ಕೋ ಖಿನ್ನತೆಗೋ ಚಿಕಿತ್ಸೆ ಕೊಡುತ್ತಾರೆ. ತಂದೆ ತಾಯಿಯನ್ನು ಮಾತ್ರ ಒಳಗೆ ಕರೆದು, ಇಷ್ಟು ತಿಂಗಳಲ್ಲಿ ಸರಿ ಮಾಡಿಕೊಡುತ್ತೇನೆ, ಇಷ್ಟು ಸಿಟ್ಟಿಂಗ್‌ಗೆ ಇಷ್ಟು ಹಣ ಎಂದು ಮಾತು ಕೊಡುವವರಿಂದ ಎದ್ದು ಬನ್ನಿ. ನಿಮ್ಮ ಮಗ ವಯಸ್ಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಸಮಾಜದ ನೈತಿಕ ಅಥವಾ ಧಾರ್ಮಿಕ ನಂಬಿಕೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥ ಎಂದು ನಿರ್ಧರಿಸುವಂತಿಲ್ಲ.

ಹಾಸ್ಟೆಲ್ ಬಗ್ಗೆ ನೀವು ಕೇಳಿದ್ದೀರಿ. ಪಿಯುಸಿಗೆ ಹಾಸ್ಟೆಲ್ ಸೇರಿದ ಹುಡುಗರು ನಮ್ಮ ರಾಜ್ಯದಲ್ಲಿ ಲಕ್ಷಾಂತರ ಮಂದಿ. ಅವರಲ್ಲಿ ಬಹುಪಾಲು ಜನರಿಗೆ ಹೆಣ್ಣುಮಕ್ಕಳ ಕಡೆಗೇ ಒಲವು. ಮನೆ ಬಿಟ್ಟು ಕದಲದೆ ಬೆಳೆದ ಗೇ ಹುಡುಗರೂ ನನ್ನ ಬಳಿಗೆ ಬಂದಿದ್ದಾರೆ. ಹಾಸ್ಟೆಲ್ ಅವನಿಗೆ ಮಾಡಿರಬಹುದಾದದ್ದು ಇಷ್ಟೇ: ಗೆಳೆಯರೆಲ್ಲ ಹುಡುಗಿಯರ ಬಗ್ಗೆ ಮಾತನಾಡುವಾಗ ತನಗೇಕೆ ಹಾಗನ್ನಿಸುತ್ತಿಲ್ಲ ಎಂಬುದು ಅಲ್ಲಿ ಅವನಿಗೆ ಸ್ಪಷ್ಟವಾಗಿರಬಹುದು. ತಾಯಿಯ ಅತಿ ಮುದ್ದು, ತಂದೆಯ ಗದರಿಕೆ ಇದಕ್ಕೆ ಕಾರಣ ಎಂಬ ಹಳೆಯ ವಾದಕ್ಕೆ ಆಧಾರ ಸಿಕ್ಕಿಲ್ಲ. ಲಕ್ಷಾಂತರ ಜನರ ವಂಶವಾಹಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ, ಇದಕ್ಕೆ ಒಂದೇ ಒಂದು ಜೀನ್ ಇಲ್ಲ, ಹಲವು ಜೀನ್‌ಗಳು ಸಣ್ಣ ಸಣ್ಣ ಪಾಲು ವಹಿಸುತ್ತವೆ, ಅವಷ್ಟರಿಂದಲೇ ಒಬ್ಬರ ಒಲವನ್ನು ಮೊದಲೇ ಹೇಳಲಾಗದು ಎಂದು ತೋರಿಸಿತು. ಯಾರನ್ನಾದರೂ ದೂಷಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ಅನ್ನಿಸುವುದು ಸಹಜವಾದರೂ, ಇಲ್ಲಿ ದೂಷಿಸುವಂಥ ಕೆಲಸವನ್ನು ನೀವಾಗಲಿ ಅವನಾಗಲಿ ಮಾಡಿಲ್ಲ.

ಈಗ ನಿಮ್ಮನ್ನು ಹೆಚ್ಚು ಕಾಡುತ್ತಿರುವ ಸಂಗತಿಗೆ, ಊರಿನವರ ಮಾತಿಗೆ ಬರುತ್ತೇನೆ. ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕುಳಿತವರಿಗೆ ದಿನವೂ ಹತ್ತು ಮನೆಯವರು ಎದುರಾಗುತ್ತಾರೆ, ಮದುವೆ ಜವಳಿಗೆ ಬಂದವರು ಮೊದಲು ಕೇಳುವುದೇ "ನಿಮ್ಮ ಮಗನದ್ದು ಯಾವಾಗ" ಎಂದು. ಇಂಥ ಕುಟುಂಬಗಳು ಬಂದಾಗ ನಾನು ಒಂದು ಹಾಳೆ ಕೊಟ್ಟು, ಯಾರ ಮಾತಿಗೆ ಹೆದರುತ್ತಿದ್ದೀರೋ ಅವರ ಹೆಸರು ಬರೆಯಿರಿ ಎನ್ನುತ್ತೇನೆ. "ಜನ" ಎಂದಾಗ ಊರಿಗೆ ಊರೇ ಎನ್ನಿಸುತ್ತದೆ; ಬರೆಯಲು ಕುಳಿತರೆ ಹೆಸರುಗಳು ಒಂದು ಪುಟ ದಾಟುವುದು ಅಪರೂಪ. ಆಮೇಲೆ ಆ ಹೆಸರುಗಳಲ್ಲಿ ವಿಷಯ ತಿಳಿಯಬೇಕಾದವರು ಯಾರು, ಕೇಳಿದರೆ ಉತ್ತರ ಕೊಟ್ಟರೆ ಸಾಕಾದವರು ಯಾರು, ಸಂಬಂಧವೇ ಇಲ್ಲದವರು ಯಾರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಅಂಗಡಿಗೆ ಬರುವ ಗಿರಾಕಿಗಳು ಮೂರನೆಯ ಗುಂಪು. ನಿಮ್ಮ ನಾದಿನಿ ಎರಡನೆಯದರಲ್ಲಿ ಬರಬಹುದು, ಮುಂದೆ ಎಂದಾದರೂ ಮೊದಲನೆಯದಕ್ಕೆ ಬರಬಹುದು. ಈ ಹಾಳೆಯನ್ನು ಮಗನಿಲ್ಲದೆ ಮುಗಿಸಬೇಡಿ. ಅವನ ವಿಷಯವನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದು ಅವನ ಹಕ್ಕು. ಅವನನ್ನು ಕೇಳದೆ ನೀವು ಒಬ್ಬ ಆಪ್ತರ ಬಳಿ ದುಃಖ ತೋಡಿಕೊಂಡರೂ, ಆ ಮಾತು ಅವನ ಆಫೀಸಿನವರೆಗೆ ಹೋಗಬಹುದು. ಬೇರೆಯವರ ವಿಷಯ ಎಂಬಂತೆ ಪರಿಚಯದವರನ್ನು ವಿಚಾರಿಸುವುದನ್ನೂ ಇಲ್ಲಿಗೇ ನಿಲ್ಲಿಸಿ. ಸಣ್ಣ ಊರಿನಲ್ಲಿ ಅಂಥ ಪ್ರಶ್ನೆಯ ಹಿಂದೆ ಯಾರಿದ್ದಾರೆಂದು ಊಹಿಸಲು ಬಹಳ ಹೊತ್ತು ಬೇಡ.

ಕೇಳುವವರಿಗೆ ಕೊಡುವ ಉತ್ತರ ನಿಮ್ಮಿಬ್ಬರ ಬಾಯಲ್ಲೂ ಒಂದೇ ಆಗಿರಲಿ: "ಅವನಿಗೆ ಮದುವೆ ಬೇಡವಂತೆ, ನಾವೂ ಒತ್ತಾಯ ಮಾಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ." ಇದು ನಿಜವೂ ಹೌದು, ಮುಂದಿನ ಪ್ರಶ್ನೆಗೆ ಹೆಚ್ಚು ಜಾಗ ಬಿಡುವುದೂ ಇಲ್ಲ. ಎರಡು ಮೂರು ಸಲ ಅದೇ ಉತ್ತರ ಸಿಕ್ಕಿದ ಮೇಲೆ ಹೆಚ್ಚಿನವರು ಕೇಳುವುದನ್ನು ಬಿಡುತ್ತಾರೆ. ಜಾತಕದಲ್ಲಿ ದೋಷವಿದೆ ಎಂದರೆ ಶಾಂತಿ ಮಾಡಿಸುವವರ ವಿಳಾಸ ಬರುತ್ತದೆ, ಫಾರಿನ್‌ಗೆ ಹೋಗುತ್ತಾನೆ ಎಂದರೆ ಅಲ್ಲಿಯ ಹುಡುಗಿಯ ಫೋಟೊ ಬರುತ್ತದೆ. ಒಂದು ನೆಪ ಹೇಳಿದವರು ವರ್ಷಗಟ್ಟಲೆ ಅದಕ್ಕೆ ತೇಪೆ ಹಾಕುತ್ತಲೇ ಇರಬೇಕಾಗುತ್ತದೆ.

ಮಗಳ ಮದುವೆಗೆ ಇದರಿಂದ ಯಾವ ತೊಂದರೆಯೂ ಆಗದು ಎಂದು ನಾನು ಭರವಸೆ ಕೊಡಲಾರೆ. ವಿಷಯ ತಿಳಿದರೆ ಹಿಂದೆ ಸರಿಯುವ ಮನೆಗಳು ಇವೆ. ಅಣ್ಣನಿಗಿಂತ ತಂಗಿಗೆ ಮೊದಲು ಮದುವೆ ಏಕೆ ಎಂಬ ಪ್ರಶ್ನೆಯೂ ಬರುತ್ತದೆ, ಅದಕ್ಕೆ ಮೇಲಿನ ಉತ್ತರವೇ ಸಾಕು. ಮೊದಲು ಮಗಳನ್ನು ಕೂರಿಸಿಕೊಂಡು ಅವಳ ಅಭಿಪ್ರಾಯ ಕೇಳಿ. ಇಂಥ ಮನೆಗಳಲ್ಲಿ ತಂದೆ ತಾಯಿಗಿಂತ ಮೊದಲು ತಂಗಿಗೆ ಗೊತ್ತಿರುವುದು ಸಾಮಾನ್ಯ. ನೋಡಲು ಬರುವ ಎಲ್ಲರಿಗೂ ಹೇಳಬೇಕಾದ ವಿಷಯ ಇದಲ್ಲ. ಆದರೆ ಒಂದು ಸಂಬಂಧ ಗಟ್ಟಿಯಾಗುವ ಹಂತಕ್ಕೆ ಬಂದಾಗ, ನಿಶ್ಚಿತಾರ್ಥಕ್ಕೆ ಮೊದಲು, ಅಣ್ಣನ ಒಪ್ಪಿಗೆ ಪಡೆದು ಅವಳೇ ಆ ಹುಡುಗನಿಗೆ ತಿಳಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೇಳಿದರೆ ಆ ಸಂಬಂಧ ತಪ್ಪಿಹೋಗುವ ಅಪಾಯವಿದೆ. ಹೇಳದಿದ್ದರೆ, ಮದುವೆಯ ಮೇಲೆ ತಿಳಿದಾಗ ಮುಚ್ಚಿಟ್ಟಿರಿ ಎಂಬ ಮಾತನ್ನು ಅವಳು ಗಂಡನ ಮನೆಯಲ್ಲಿ ಒಬ್ಬಳೇ ಕೇಳಬೇಕಾಗುತ್ತದೆ. ಎರಡರಲ್ಲಿ ಮೊದಲನೆಯ ನಷ್ಟ ಚಿಕ್ಕದು. ಅವಳ ಮದುವೆಯ ದಿನ ಮಗನನ್ನು ಬೆಂಗಳೂರಿನಲ್ಲೇ ಇರಿಸುವ ಯೋಚನೆ ಮಾತ್ರ ಮಾಡಬೇಡಿ. ಸೋದರ ಮುಂದೆ ನಿಂತು ಅರಳು ಹಾಕಬೇಕಾದ ಜಾಗದಲ್ಲಿ ಅವನಿಲ್ಲದಿದ್ದರೆ, ಯಾರೂ ಕೇಳದಿದ್ದ ಪ್ರಶ್ನೆಯನ್ನು ನೆರೆದವರೆಲ್ಲ ಕೇಳುತ್ತಾರೆ.

ಅವನ ಮುಂದಿನ ದಿನಗಳ ಬಗ್ಗೆ ಹೇಳುವುದಾದರೆ, ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಈ ಸಮುದಾಯದವರಿಗಷ್ಟೇ ಅಲ್ಲ, ಅವರ ಕುಟುಂಬದವರಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಆ ತೀರ್ಪಿನಲ್ಲಿ ಬರೆದರು. ಮದುವೆಯ ಹಕ್ಕು ಮಾತ್ರ ಇನ್ನೂ ಸಿಕ್ಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟಪಡಿಸಿದೆ. ಆಸ್ತಿಯ ಹಂಚಿಕೆಯನ್ನು ನೀವು ಉಯಿಲಿನಲ್ಲಿ ಬರೆದಿಟ್ಟರೆ, ಮುಂದೆ ಸಂಬಂಧಿಕರು ಅವನನ್ನು ಒಂಟಿಯೆಂದು ಬದಿಗೆ ಸರಿಸುವುದು ಕಷ್ಟವಾಗುತ್ತದೆ. ಆದರೂ, ನಡುವಯಸ್ಸಿನ ಗೇ ಗಂಡಸರನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ, ಅವರ ಆಸರೆ ಹೆಚ್ಚಾಗಿ ನಿಂತಿರುವುದು ಒಡಹುಟ್ಟಿದವರ ಮೇಲೆ ಮತ್ತು ವರ್ಷಗಳ ಗೆಳೆತನದ ಮೇಲೆ. ಅಣ್ಣ ತಂಗಿಯ ನಡುವೆ ಈಗ ಬಿರುಕು ಬೀಳದಂತೆ ನೋಡಿಕೊಳ್ಳುವುದು ಅವನ ವೃದ್ಧಾಪ್ಯಕ್ಕೆ ನೀವು ಮಾಡಬಹುದಾದ ದೊಡ್ಡ ಏರ್ಪಾಡು.

ಕೊನೆಯದಾಗಿ ನಿಮ್ಮ ಯಜಮಾನರ ಮೌನ. ಅವರಿಗೆ ತಿಂಗಳುಗಳು ಬೇಕಾಗಬಹುದು, ವರ್ಷವೂ ಹಿಡಿಯಬಹುದು, ಆತುರಪಡಿಸಬೇಡಿ. ಆದರೆ ಒಪ್ಪಿಕೊಳ್ಳುವುದಕ್ಕೆ ಸಮಯ ತೆಗೆದುಕೊಳ್ಳುವುದು ಬೇರೆ, ಮಾತು ಬಿಡುವುದು ಬೇರೆ. ಅಪ್ಪ ಮಾತನಾಡದ ಪ್ರತಿ ದಿನವನ್ನೂ ಮಗ ತನ್ನನ್ನು ಬಿಟ್ಟುಬಿಟ್ಟರು ಎಂದೇ ಲೆಕ್ಕ ಹಾಕುತ್ತಿರುತ್ತಾನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಭಾಗದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರು ತೀವ್ರವಾಗಿ ತಿರಸ್ಕರಿಸಿದ ಯುವಜನರು ಆತ್ಮಹತ್ಯೆಗೆ ಯತ್ನಿಸಿದ ಪ್ರಮಾಣ, ತಿರಸ್ಕಾರವನ್ನು ಕಾಣದ ಅಥವಾ ಕಡಿಮೆ ಕಂಡವರಿಗಿಂತ ಎಂಟು ಪಟ್ಟಿಗೂ ಹೆಚ್ಚಿತ್ತು. ಈ ವಿಷಯವನ್ನು ಮುಟ್ಟದೆಯೂ ಅವರು ಮಾತನಾಡಬಹುದು. ಊಟ ಆಯಿತೇ, ಮುಂದಿನ ಬಾರಿ ಯಾವಾಗ ಬರುತ್ತೀಯ ಎಂದು ವಾರಕ್ಕೊಮ್ಮೆ ಕೇಳಿದರೂ ಸಾಕು. ನೀವಂತೂ ಇಂದೇ ಅವನಿಗೆ ಫೋನ್ ಮಾಡಿ, "ನನಗೆ ಇದು ಪೂರ್ತಿ ಅರ್ಥವಾಗಿಲ್ಲ, ಅರ್ಥ ಮಾಡಿಕೊಳ್ಳುತ್ತೇನೆ, ನೀನು ಹೇಳಿದ್ದು ಒಳ್ಳೆಯದಾಯಿತು" ಎಂದು ಹೇಳಿ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅಂದು ನೀವು ಅತ್ತದ್ದನ್ನು ಅವನು ಹೇಗೆ ಅರ್ಥ ಮಾಡಿಕೊಂಡಿದ್ದಾನೋ ನಿಮಗೆ ತಿಳಿಯದು. ಅವನ ಮೇಲಿನ ಕೋಪದಿಂದ ಅತ್ತದ್ದಲ್ಲ ಎಂದು ಬಾಯಿಬಿಟ್ಟು ಹೇಳಿ.

ಅವನು ಫೋನ್ ಎತ್ತುವುದನ್ನು ನಿಲ್ಲಿಸಿದರೆ, ಕೆಲಸಕ್ಕೆ ಹೋಗದಿದ್ದರೆ, "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂಥ ಮಾತಾಡಿದರೆ, ತನ್ನ ಹಣದ ವ್ಯವಹಾರವನ್ನೆಲ್ಲ ಇದ್ದಕ್ಕಿದ್ದಂತೆ ತಂಗಿಗೆ ಒಪ್ಪಿಸತೊಡಗಿದರೆ, ಅದನ್ನು ಹಠವೆಂದು ಬಿಡದೆ ಅಂದೇ ಬೆಂಗಳೂರಿಗೆ ಹೊರಡಿ, ಅವನು ಒಬ್ಬನೇ ಇರದಂತೆ ನೋಡಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಿ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ನಿಮಗೆ ನಿದ್ರೆ ಬಾರದ ರಾತ್ರಿಗಳಲ್ಲಿ ನೀವೂ ಕರೆ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ. ಇದೇ ಸ್ಥಿತಿಯನ್ನು ದಾಟಿ ಬಂದ ತಂದೆ ತಾಯಿಯರು ಕಟ್ಟಿಕೊಂಡ 'ಸ್ವೀಕಾರ್' ಎಂಬ ಗುಂಪೊಂದು ದೇಶದಲ್ಲಿದೆ, 2023ರಲ್ಲಿ ಮದುವೆಯ ಹಕ್ಕಿನ ವಿಚಾರಣೆ ನಡೆಯುತ್ತಿದ್ದಾಗ ಇವರೇ ತಮ್ಮ ಮಕ್ಕಳ ಪರವಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದವರು. ನಿಮ್ಮ ಯಜಮಾನರು ವೈದ್ಯನಾದ ನನ್ನ ಮಾತಿಗಿಂತ, ಗೇ ಮಗನಿರುವ ಇನ್ನೊಬ್ಬ ತಂದೆಯ ಜೊತೆ ಹತ್ತು ನಿಮಿಷ ಮಾತನಾಡಲು ಹೆಚ್ಚು ಸುಲಭವಾಗಿ ಒಪ್ಪಬಹುದು. ಅಂಥವರೊಬ್ಬರ ಪರಿಚಯ ಮಾಡಿಸುವಂತೆ ಮಗನನ್ನೇ ಕೇಳಿ.